ಮೊಬೈಲ್‌ನಲ್ಲಿ ನೀಲಿ, ಡಬ್ಬಿಯ ಮೇಲೆ ನೇರಳೆ: ತಪ್ಪು ಪ್ರೆಸ್‌ನದ್ದೋ, ಫೈಲ್‌ನದ್ದೋ?

ಓದುಗರ ಪ್ರಶ್ನೆ: ನಮ್ಮದು ಚಿಕ್ಕಮಗಳೂರಿನ ಸಣ್ಣ ಕಾಫಿ ಪುಡಿ ಬ್ರ್ಯಾಂಡ್. 250 ಗ್ರಾಂ ಡಬ್ಬಿಯ ಮುಂಭಾಗಕ್ಕೆ ಎಐ ಟೂಲ್‌ನಲ್ಲಿ ಒಂದು ಚಿತ್ರ ಮಾಡಿಸಿದೆವು. ಬೆಳಗಿನ ಜಾವದ ಗಿರಿಸಾಲು, ಮೇಲೆ ಹೊಳೆಯುವ ಕಡುನೀಲಿ ಆಕಾಶ. ಮೊಬೈಲ್, ಲ್ಯಾಪ್‌ಟಾಪ್ ಎರಡರಲ್ಲೂ ಅಪ್ಪಟ ನೀಲಿ. ಪ್ರಿಂಟಾಗಿ ಬಂದ ಡಬ್ಬಿಯಲ್ಲಿ ಮಾತ್ರ ಆಕಾಶ ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಪ್ರೆಸ್‌ನವರು 'ಫೈಲೇ ಹಾಗಿದೆ' ಅನ್ನುತ್ತಾರೆ. ಮತ್ತೆ ಪ್ರಿಂಟ್ ಮಾಡಿಸುವ ಮುಂಚೆ ಏನು ಸರಿಮಾಡಬೇಕು?

ಉತ್ತರ: ನೀಲಿ ನೇರಳೆಯಾದಾಗ ಪ್ರೆಸ್‌ನವರ ಮಾತು ಹೆಚ್ಚಾಗಿ ನಿಜವೇ ಆಗಿರುತ್ತದೆ. ಹಾಗಂತ ಬರೀ ಮಾತಿನ ಮೇಲೆ ಒಪ್ಪಿಕೊಳ್ಳಬೇಕಿಲ್ಲ, ಹತ್ತು ನಿಮಿಷದಲ್ಲಿ ನೀವೇ ನೋಡಿಕೊಳ್ಳಬಹುದು. ಮೂಲ ಚಿತ್ರವನ್ನು ಫೋಟೋಶಾಪ್‌ನಲ್ಲಿ ತೆರೆಯಿರಿ. View > Proof Setup > Custom ಒಳಗೆ ಪ್ರೆಸ್‌ನವರು ಬಳಸುವ ಪ್ರೊಫೈಲ್ ಆರಿಸಿ. ಅವರ ಇಂಕು, ಕಾಗದದಲ್ಲಿ ಯಾವ ಬಣ್ಣ ಹೇಗೆ ಬರುತ್ತದೆ ಎಂದು ಹೇಳುವ ಫೈಲೇ ಪ್ರೊಫೈಲ್. ಅದು ಯಾವುದೆಂದು ಅವರನ್ನೇ ಕೇಳಬೇಕು. ಕೋಟೆಡ್ ಬೋರ್ಡ್ ಮೇಲಿನ ಆಫ್‌ಸೆಟ್ ಕೆಲಸವಾದರೆ, ಸದ್ಯದ ಪರೀಕ್ಷೆಗೆ Coated FOGRA39 ಸಾಕು. ಈಗ Ctrl+Y ಒತ್ತಿದರೆ ಕಾಗದದ ಮೇಲೆ ಬಣ್ಣ ಹೇಗೆ ಕಾಣುತ್ತದೆ ಎಂಬ ಅಂದಾಜು ತೆರೆಯ ಮೇಲೆಯೇ ಬರುತ್ತದೆ. ಆಕಾಶ ಇಲ್ಲೇ ನೇರಳೆಯತ್ತ ಸರಿದರೆ ತೊಂದರೆ ಫೈಲ್‌ನದ್ದು. ಇಲ್ಲಿ ನೀಲಿಯಾಗಿಯೇ ಉಳಿದು ಡಬ್ಬಿಯಲ್ಲಿ ಮಾತ್ರ ನೇರಳೆಯಾಗಿದ್ದರೆ, ಮಷಿನ್‌ನಲ್ಲಿ ಮೆಜೆಂಟಾ ಇಂಕ್ ಹೆಚ್ಚಾಗಿ ಬಿದ್ದಿರಬಹುದು. ಆಗ ಹಾಳೆಯ ಅಂಚಿನಲ್ಲಿರುವ ಕಲರ್ ಬಾರ್‌ನ ಅಳತೆಯನ್ನು ತೋರಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಇಷ್ಟೆಲ್ಲ ಆಗುವುದೇಕೆ? ತೆರೆ ಬೆಳಕನ್ನು ಹೊರಗೆ ಚೆಲ್ಲುತ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರು ದೀಪಗಳಲ್ಲಿ ನೀಲಿಯೊಂದೇ ಪೂರ್ತಿ ಉರಿದರೆ ನಿಮ್ಮ ಆಕಾಶದಂಥ ಬಣ್ಣ. ಪ್ರೆಸ್‌ನಲ್ಲಿರುವುದು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಇಂಕ್, ನೀಲಿ ಎಂಬ ಇಂಕೇ ಇಲ್ಲ. ಸಯಾನ್ ಮೇಲೆ ಮೆಜೆಂಟಾ ಬಿದ್ದು, ಎರಡೂ ಸೇರಿ ಬಿಳಿ ಕಾಗದದಿಂದ ಮರಳುವ ಬೆಳಕಿನಲ್ಲಿ ಒಂದಷ್ಟನ್ನು ನುಂಗಿ, ಉಳಿದದ್ದು ನಮಗೆ ನೀಲಿಯಾಗಿ ಕಾಣುತ್ತದೆ. ನುಂಗಬಾರದ್ದನ್ನೂ ಇವು ಸ್ವಲ್ಪ ನುಂಗುವುದರಿಂದ ಬಣ್ಣ ಮಂಕಾಗುತ್ತದೆ. ಎಷ್ಟು ಮಂಕು ಎನ್ನುವುದಕ್ಕೆ ಒಂದೇ ಅಂಕಿ ಸಾಕು. ಲ್ಯಾಬ್ ಎಂಬ ಬಣ್ಣದ ಅಳತೆಯಲ್ಲಿ b ಮೌಲ್ಯ ಸೊನ್ನೆಗಿಂತ ಕೆಳಗೆ ಹೋದಷ್ಟೂ ನೀಲಿ ಗಾಢ. ತೆರೆಯ ಅಪ್ಪಟ ನೀಲಿಗೆ ಅದು ಸುಮಾರು -112. ಒಳ್ಳೆಯ ಕೋಟೆಡ್ ಕಾಗದದ ಮೇಲೆ ಸಯಾನ್, ಮೆಜೆಂಟಾ ಎರಡನ್ನೂ ಪೂರ್ತಿ ಹೊಡೆದರೂ ಸುಮಾರು -46. ಅರ್ಧವೂ ಇಲ್ಲ. ಎಂಥ ನುರಿತ ಮಷಿನ್‌ಮ್ಯಾನ್ ಆದರೂ ಈ ಕೊರತೆಯನ್ನು ನಾಲ್ಕು ಇಂಕ್‌ಗಳಲ್ಲಿ ತುಂಬಲಾರ.

ಮಂಕಾಗುವುದು ಇದರಿಂದ ಅರ್ಥವಾಯಿತು, ಆದರೆ ನೇರಳೆ ಎಲ್ಲಿಂದ ಬಂತು? ತೆರೆಯ ಬಣ್ಣವನ್ನು ಇಂಕಿನ ಅಂಕಿಗಳಿಗೆ ಬದಲಾಯಿಸುವ ಪರಿವರ್ತನೆಯ ಲೆಕ್ಕ ನಡೆಯುವುದು ಇದೇ ಲ್ಯಾಬ್ ಅಳತೆಯಲ್ಲಿ. ಇಂಕಿನ ವ್ಯಾಪ್ತಿಯ ಹೊರಗಿನ ಬಣ್ಣವನ್ನು ಒಳಕ್ಕೆ ತರುವಾಗ ಪ್ರೊಫೈಲ್ ಅದರ ಗಾಢತೆಯನ್ನು ಇಳಿಸಿ, ಬಣ್ಣದ ದಿಕ್ಕನ್ನು ಹಾಗೇ ಉಳಿಸಲು ನೋಡುತ್ತದೆ. ಉಳಿದ ಬಣ್ಣಗಳಲ್ಲಿ ಇದು ಹೆಚ್ಚುಕಡಿಮೆ ಸರಿಹೋಗುತ್ತದೆ. ನೀಲಿಯ ಕಡೆ ಮಾತ್ರ ಲ್ಯಾಬ್‌ನ ನಕ್ಷೆ ಡೊಂಕು. ಲೆಕ್ಕದಲ್ಲಿ ದಿಕ್ಕು ಬದಲಾಗದಿದ್ದರೂ ಗಾಢತೆ ಇಳಿಯುತ್ತ ಹೋದಂತೆ ನಮ್ಮ ಕಣ್ಣಿಗೆ ಅದು ನೇರಳೆಯಾಗುತ್ತದೆ. ಫೋಟೋಶಾಪ್‌ನ ಹಳೆಯ ಡೀಫಾಲ್ಟ್ ಪ್ರೊಫೈಲ್ U.S. Web Coated (SWOP) v2 ಬಳಸಿ ಅಪ್ಪಟ ನೀಲಿಯನ್ನು ಬದಲಾಯಿಸಿದರೆ ನೂರಕ್ಕೆ ಸಯಾನ್ 88, ಮೆಜೆಂಟಾ 77 ಬರುತ್ತದೆ. ಎರಡರ ನಡುವೆ ಬರೀ 11ರ ಅಂತರ. ಪ್ರಿಪ್ರೆಸ್ ಕೆಲಸದಲ್ಲಿ ಪಳಗಿದವರು ಇಟ್ಟುಕೊಳ್ಳುವ ನಿಯಮವೇನೆಂದರೆ, ನೀಲಿ ನೀಲಿಯಾಗಿ ಉಳಿಯಬೇಕಾದರೆ ಮೆಜೆಂಟಾ ಸಯಾನ್‌ಗಿಂತ ಕನಿಷ್ಠ 30 ಕಡಿಮೆ ಇರಬೇಕು.

ಅಂತರ ಕಡಿಮೆಯಿದ್ದರೆ ಇನ್ನೊಂದು ಕಾಟವೂ ಇದೆ. ಕಾಗದಕ್ಕೆ ತಾಗಿದಾಗ ಇಂಕಿನ ಚುಕ್ಕೆ ಸ್ವಲ್ಪ ಹರಡಿಕೊಳ್ಳುತ್ತದೆ. ಮೆಜೆಂಟಾ ಚೂರು ಹೆಚ್ಚು ಹರಡಿದ ಹಾಳೆ ನೇರಳೆ, ಕಡಿಮೆ ಹರಡಿದ ಹಾಳೆ ನೀಲಿ. ಅಂಗಡಿಯ ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟ ನಿಮ್ಮದೇ ಎರಡು ಡಬ್ಬಿಗಳು ಬೇರೆ ಬೇರೆ ಬ್ರ್ಯಾಂಡಿನಂತೆ ಕಾಣುವುದು ಹೀಗೆ.

ಎಐ ಚಿತ್ರಗಳಲ್ಲಿ ಈ ತೊಂದರೆ ಎದ್ದು ಕಾಣುತ್ತದೆ. ಇಂಥ ಟೂಲ್‌ಗಳು ಕೊಡುವುದು ತೆರೆಗೆ ಹೊಂದುವ, ಕೆಂಪು, ಹಸಿರು, ನೀಲಿಯ ಲೆಕ್ಕದ ಆರ್‌ಜಿಬಿ ಚಿತ್ರ. ನಾಲ್ಕು ಇಂಕಿನ ಲೆಕ್ಕಕ್ಕೆ ಸಿಎಂವೈಕೆ ಎನ್ನುತ್ತಾರೆ, ಪ್ರಾಂಪ್ಟ್‌ನಲ್ಲಿ 'ಸಿಎಂವೈಕೆ' ಎಂದು ಬರೆದರೂ ಫೈಲ್ ಆರ್‌ಜಿಬಿಯೇ. ಹೊಳಪು, ಪ್ರಭೆ, ಕಪ್ಪಿನಿಂದ ಉಕ್ಕುವ ನೀಲಿ ಈ ಟೂಲ್‌ಗಳಿಗೆ ಸುಲಭವಾಗಿ ಒಲಿಯುತ್ತವೆ. ಇವೆಲ್ಲ ಇಂಕಿನ ವ್ಯಾಪ್ತಿಯ ಅಂಚಿನಲ್ಲೋ ಹೊರಗೋ ಇರುವ ಬಣ್ಣಗಳು. ಜೊತೆಗೆ, ನಿಮ್ಮ ಕಣ್ಣಿಗೆ ಒಂದೇ ನೀಲಿಯಾಗಿ ಕಾಣುವ ಆಕಾಶದಲ್ಲಿ ನಿಜಕ್ಕೂ ನೂರಾರು ನೀಲಿಗಳಿವೆ. ಹೊಳಪಿನ ಸುತ್ತ ಮೆಲ್ಲಗೆ ಬದಲಾಗುವ ಛಾಯೆಗಳೆಲ್ಲ ವ್ಯಾಪ್ತಿಯ ಹೊರಗಿದ್ದರೆ, ಪರಿವರ್ತನೆಯಾದ ಮೇಲೆ ಎಲ್ಲವೂ ಒಂದೇ ಅಂಚಿಗೆ ಬಂದು ಅಂಟಿಕೊಳ್ಳುತ್ತವೆ. ಡಬ್ಬಿಯಲ್ಲಿ ಆ ಜಾಗ ಸಪಾಟಾಗಿ, ಸುತ್ತ ಉಂಗುರ ಬಿದ್ದಂತೆ ಕಾಣುತ್ತದೆ. ನಿಮ್ಮ ಡಬ್ಬಿಯ ಗಿರಿಸಾಲಿನ ಅಂಚಿನಲ್ಲಿ ಹಾಗೇನಾದರೂ ಇದೆಯೇ, ನೋಡಿ.

ಈಗ ಸರಿಮಾಡುವ ಕೆಲಸ. ಡೌನ್‌ಲೋಡ್ ಮಾಡಿದ ಮೂಲ ಫೈಲನ್ನೇ ತೆಗೆದುಕೊಳ್ಳಿ, ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿ ಬಂದದ್ದನ್ನಲ್ಲ. ಹಲವು ಸಲ ಎಐ ಟೂಲ್ ಕೊಡುವ ಪಿಎನ್‌ಜಿ ಫೈಲ್‌ಗಳಲ್ಲಿ ಪ್ರೊಫೈಲ್ ಇರುವುದೇ ಇಲ್ಲ. ಹಾಗಿದ್ದರೆ ಮೊದಲು Edit > Assign Profile ಒಳಗೆ sRGB IEC61966-2.1 ಆರಿಸಿ. ಇಲ್ಲಿ ಅಂಕಿಗಳು ಬದಲಾಗುವುದಿಲ್ಲ, ಅವನ್ನು ಹೇಗೆ ಓದಬೇಕೆಂದು ಹೇಳಿದಂತಾಯಿತು ಅಷ್ಟೆ. ಇದನ್ನು ಬಿಟ್ಟರೆ ಪ್ರೆಸ್‌ನ ಕಂಪ್ಯೂಟರ್ ತನ್ನಿಷ್ಟದ ಪ್ರೊಫೈಲ್ ಹಚ್ಚಿಕೊಂಡು ಬಣ್ಣವನ್ನು ಇನ್ನೊಂದು ಕಡೆಗೆ ಎಳೆಯಬಹುದು.

ಇನ್ನೂ ಆರ್‌ಜಿಬಿಯಲ್ಲಿರುವಾಗಲೇ, Ctrl+Y ಹಾಕಿಟ್ಟುಕೊಂಡು, View > Gamut Warning ಆನ್ ಮಾಡಿ. ಇಂಕಿಗೆ ಸಿಗದ ಜಾಗವೆಲ್ಲ ಬೂದು ಬಣ್ಣದಲ್ಲಿ ಕಾಣುತ್ತದೆ. ನಿಮ್ಮ ಚಿತ್ರದಲ್ಲಿ ಬಹುಶಃ ಇಡೀ ಆಕಾಶ. Hue/Saturation ಲೇಯರ್ ಸೇರಿಸಿ, Blues ಆರಿಸಿ, Hue ಅನ್ನು -10ರಿಂದ -15ರವರೆಗೆ ಎಳೆಯಿರಿ. ಅಂದರೆ ನೀಲಿಯನ್ನು ಸಯಾನ್ ಕಡೆಗೆ ಮೊದಲೇ ತಳ್ಳಿದಿರಿ, ಮುಂದೆ ಅದು ನೇರಳೆಯತ್ತ ಜಾರುವುದನ್ನು ಇದು ತಡೆಯುತ್ತದೆ. ಆಮೇಲೆ Saturation ಅನ್ನು ನಿಧಾನವಾಗಿ ಇಳಿಸುತ್ತ, ಹೊಳಪಿನ ಸುತ್ತಲಿನ ಛಾಯೆಗಳು ಮತ್ತೆ ಬೇರೆ ಬೇರೆಯಾಗಿ ಕಾಣುವಲ್ಲಿ ನಿಲ್ಲಿಸಿ. ಬೂದು ಪೂರ್ತಿ ಹೋಗಬೇಕೆಂದು ಹಟ ಹಿಡಿಯಬೇಡಿ, ಚಿತ್ರ ಸತ್ತುಹೋಗುತ್ತದೆ.

ಈ ಆರ್‌ಜಿಬಿ ಫೈಲನ್ನು ಹಾಗೇ ಉಳಿಸಿಕೊಂಡು, ಅದರ ಒಂದು ಪ್ರತಿಯನ್ನು Edit > Convert to Profile ಮೂಲಕ ಪ್ರೆಸ್‌ನ ಪ್ರೊಫೈಲ್‌ಗೆ ಒಂದೇ ಒಂದು ಸಲ ಬದಲಾಯಿಸಿ. ಛಾಯೆಗಳು ತುಂಬಿದ ಇಂಥ ಚಿತ್ರಕ್ಕೆ ಅಲ್ಲಿನ Intent ಎಂಬಲ್ಲಿ Perceptual ಮತ್ತು Relative Colorimetric ಎರಡನ್ನೂ ಹಾಕಿ ನೋಡಿ, ಹೊಳಪಿನ ಸುತ್ತ ಉಂಗುರ ಕಾಣದ್ದನ್ನು ಇಟ್ಟುಕೊಳ್ಳಿ. ಬಳಿಕ Info ಪ್ಯಾನೆಲ್ ತೆರೆದು ಆಕಾಶದ ಮೇಲೆ ಐದಾರು ಕಡೆ ಕರ್ಸರ್ ಇಟ್ಟು ಅಂಕಿ ಓದಿ. ಸಯಾನ್ 92, ಮೆಜೆಂಟಾ 72 ಎಂದಿದ್ದರೆ ಕೆಲಸ ಇನ್ನೂ ಬಾಕಿ. Selective Color ಒಳಗೆ Blues ಆರಿಸಿ ಮೆಜೆಂಟಾ ಇಳಿಸಿ, ಸಯಾನ್ ಸ್ವಲ್ಪ ಏರಿಸಿ. ಗಾಢವಾದ ಜಾಗಗಳಲ್ಲಿ ಸಯಾನ್ 98, ಮೆಜೆಂಟಾ 62ರ ಆಸುಪಾಸಿಗೆ ಬಂದರೆ ನೆಮ್ಮದಿ. ತೆರೆಯ ಆ ಮಿಂಚು ಹೋಗಿರುತ್ತದೆ, ಆದರೆ ನೋಡಿದವರು ನೀಲಿ ಅನ್ನುತ್ತಾರೆ, ನೇರಳೆ ಅನ್ನುವುದಿಲ್ಲ.

ಅಕ್ಷರ, ಬಾರ್‌ಕೋಡ್, ಲೋಗೋ ಇವು ಚಿತ್ರದೊಳಗೆ ಇರಲೇಬಾರದು. ಇಲಸ್ಟ್ರೇಟರ್‌ನಂಥ ಕಡೆ ವೆಕ್ಟರ್ ಆಗಿ ಮೇಲೆ ಕೂರಿಸಿ. ಆರ್‌ಜಿಬಿ ಕಪ್ಪನ್ನು ಆ ಹಳೆಯ SWOP ಪ್ರೊಫೈಲ್‌ನಲ್ಲಿ ಬದಲಾಯಿಸಿದರೆ 75, 68, 67, 90 ಎಂದು ನಾಲ್ಕೂ ಇಂಕ್ ಬರುತ್ತದೆ. ಸಣ್ಣ ಅಕ್ಷರಕ್ಕೆ ನಾಲ್ಕು ಪ್ಲೇಟ್ ಕೂದಲೆಳೆಯಷ್ಟು ಅತ್ತಿತ್ತ ಆದರೂ ಅಂಚಿನಲ್ಲಿ ಬಣ್ಣದ ಗೆರೆ ಮೂಡುತ್ತದೆ. ಅಲ್ಲಿ ಕಪ್ಪು ಇಂಕ್ ಒಂದೇ, ನೂರಕ್ಕೆ ನೂರು.

ಬ್ರ್ಯಾಂಡಿನ ಗುರುತೇ ಆ ನೀಲಿ ಆಗಿದ್ದರೆ, ಲೋಗೋಗೆ ಮತ್ತು ಪಟ್ಟಿಗೆ ಪ್ಯಾಂಟೋನ್ ಸ್ಪಾಟ್ ಕಲರ್ ಹಾಕಿಸುವುದೇ ಸರಿಯಾದ ದಾರಿ ಎಂಬುದು ನಮ್ಮ ಅಭಿಪ್ರಾಯ. ಇದು ಮೊದಲೇ ಬೆರೆಸಿದ ಐದನೇ ಇಂಕ್. ಒಂದು ಪ್ಲೇಟ್ ಹೆಚ್ಚಾಗುತ್ತದೆ, ಪ್ರೆಸ್‌ನಲ್ಲಿ ನಾಲ್ಕು ಬಣ್ಣದ ಮಷಿನ್ ಮಾತ್ರ ಇದ್ದರೆ ಹಾಳೆಯನ್ನು ಎರಡನೇ ಸಲ ಓಡಿಸಬೇಕಾಗುತ್ತದೆ. ಆ ಖರ್ಚಿಗೆ ಪ್ರತಿಯಾಗಿ ಮುಂದಿನ ಪ್ರತಿ ಆರ್ಡರ್‌ನಲ್ಲೂ ಅದೇ ನೀಲಿ ಸಿಗುತ್ತದೆ. ಬಣ್ಣವನ್ನು ತೆರೆಯಲ್ಲಿ ಆರಿಸಬೇಡಿ, ಪ್ರೆಸ್‌ನಲ್ಲಿರುವ ಅಚ್ಚಾದ ಪ್ಯಾಂಟೋನ್ ಪುಸ್ತಕದಲ್ಲಿ ಆರಿಸಿ. ರಿಫ್ಲೆಕ್ಸ್ ಬ್ಲೂ ನೋಡಲು ಚೆಂದ, ಆದರೆ ಒಣಗಲು ಬಹಳ ಹೊತ್ತು ಬೇಕು. ಅವಸರದಲ್ಲಿ ಲ್ಯಾಮಿನೇಷನ್‌ಗೆ ಕೊಟ್ಟರೆ ಕೆಡುವ ಅಪಾಯವಿದೆ, ಪ್ರೆಸ್‌ನವರನ್ನು ಕೇಳಿಯೇ ಒಪ್ಪಿಕೊಳ್ಳಿ.

ಪ್ರೂಫ್, ಅಂದರೆ ಒಪ್ಪಿಗೆಗೆ ತೆಗೆಯುವ ಮಾದರಿ ಪ್ರಿಂಟ್ ತರಿಸುವಾಗ ಆರ್ಟ್ ಪೇಪರ್ ಮೇಲೆ ತೆಗೆದದ್ದನ್ನು ನೋಡಿ ಸಹಿ ಹಾಕಬೇಡಿ. ಡಬ್ಬಿ ಡ್ಯುಪ್ಲೆಕ್ಸ್ ಬೋರ್ಡಿನದ್ದಾದರೆ ಅದರ ಬಿಳುಪು ಆರ್ಟ್ ಪೇಪರ್‌ಗಿಂತ ಕಡಿಮೆ, ಆ ಮಂಕು ನೇರವಾಗಿ ನೀಲಿಗೆ ಇಳಿಯುತ್ತದೆ. ಮ್ಯಾಟ್ ಲ್ಯಾಮಿನೇಷನ್ ಕಡುಬಣ್ಣಗಳ ಮೇಲೆ ತೆಳು ಬೂದಿ ಹರಡಿದಂತೆ ಮಾಡುತ್ತದೆ, ಹೊಳಪಿನ ಗ್ಲಾಸಿ ಲ್ಯಾಮಿನೇಷನ್ ಆದರೆ ಬಣ್ಣ ಇನ್ನಷ್ಟು ಆಳವಾಗಿ ಕಾಣುತ್ತದೆ. ಹಾಗಾಗಿ ಅದೇ ಬೋರ್ಡ್, ಅದೇ ಲ್ಯಾಮಿನೇಷನ್ ಇರುವ ತುಣುಕನ್ನು 5000 ಕೆಲ್ವಿನ್ ಬೆಳಕಿನ ಕೆಳಗೆ ನೋಡಿ. ಹಳದಿ ಬಲ್ಬಿನ ಕೆಳಗೆ ಒಪ್ಪಿದ ನೀಲಿ ಬಿಸಿಲಿನಲ್ಲಿ ಬೇರೆಯೇ ಆಗಿರಬಹುದು.

ಮುಂದೆ ಡಬ್ಬಿ ಬಿಟ್ಟು ಪೌಚ್‌ಗೆ ಹೋಗುವುದಾದರೆ ಇದೇ ಫೈಲನ್ನು ಹಾಗೇ ಕಳಿಸಬೇಡಿ. ಬೆಳ್ಳಿಯಂತೆ ಮಿನುಗುವ ಫಿಲ್ಮ್‌ನಲ್ಲಿ ನೀಲಿಯ ಹಿಂದೆ ಬಿಳಿ ಇಂಕಿನ ಪದರ ಇಲ್ಲದಿದ್ದರೆ ಲೋಹದ ಹೊಳಪು ಬೆರೆತು ಬಣ್ಣವೇ ಬೇರೆಯಾಗುತ್ತದೆ. ಪೌಚ್‌ಗಳನ್ನು ಪ್ರಿಂಟ್ ಮಾಡುವ ಗ್ರಾವ್ಯೂರ್ ವಿಧಾನದಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೊರೆಯುತ್ತಾರೆ. ಕೊರೆದ ಮೇಲೆ ಬಣ್ಣ ತಿದ್ದುವುದೆಂದರೆ ಹೊಸ ಸಿಲಿಂಡರಿನ ಖರ್ಚು. ಪೌಚ್ ಪ್ರೆಸ್‌ನವರಿಂದ ಅವರದೇ ಪ್ರೊಫೈಲ್ ಪಡೆದು, ಉಳಿಸಿಟ್ಟ ಆರ್‌ಜಿಬಿ ಫೈಲ್‌ನಿಂದ ಹೊಸದಾಗಿ ಪರಿವರ್ತಿಸಿ, ಪ್ರೂಫ್ ಒಪ್ಪಿದ ಮೇಲೆಯೇ ಸಿಲಿಂಡರ್ ಕೊರೆಯಲು ಹೇಳಿ.