ನೋಷನ್‌ನಲ್ಲಿ ಅಳಿಸಿದ ಪುಟ 30 ದಿನ ಸಿಗುತ್ತದೆ, ಅಳಿಸಿದ ಸಾಲು ಏಳೇ ದಿನ

ನೋಟ್ಸ್ ಆ್ಯಪ್‌ಗಳ ಉಚಿತ ಪ್ಲಾನ್‌ಗೆ ಮಿತಿ ಹೊಸದೇನಲ್ಲ, ಅದನ್ನು ಅಳೆಯುವ ಕೋಲು ಮಾತ್ರ ಬದಲಾಗುತ್ತ ಬಂದಿದೆ. ಎವರ್‌ನೋಟ್ ಬಹುಕಾಲ ಉಚಿತ ಖಾತೆಗೆ ತಿಂಗಳಿಗೆ 60 ಎಂಬಿ ಅಪ್‌ಲೋಡ್ ಕೊಡುತ್ತಿತ್ತು, ಎಷ್ಟು ಸಾಧನಗಳಲ್ಲಿ ಬೇಕಾದರೂ ತೆರೆಯಬಹುದಿತ್ತು. 2016ರ ಜೂನ್‌ನಲ್ಲಿ ಅದು ಎರಡು ಸಾಧನಗಳಿಗೆ ಇಳಿಯಿತು. ಬ್ರೌಸರ್ ಆ ಲೆಕ್ಕಕ್ಕೆ ಬರುತ್ತಿರಲಿಲ್ಲವಾದ್ದರಿಂದ ಮೂರನೇ ಸಾಧನದವರು ಹೇಗೋ ಸುಧಾರಿಸಿಕೊಂಡರು. 2023ರ ಡಿಸೆಂಬರ್‌ನಲ್ಲಿ 50 ನೋಟ್, ಒಂದೇ ನೋಟ್‌ಬುಕ್ ಎಂದಾದಾಗ ಸುಧಾರಿಸಿಕೊಳ್ಳಲು ಹೆಚ್ಚೇನೂ ಉಳಿಯಲಿಲ್ಲ.

ನೋಷನ್ ಹೋದದ್ದು ಉಲ್ಟಾ ದಾರಿಯಲ್ಲಿ. 2020ರ ಮೇನಲ್ಲಿ ಒಬ್ಬರೇ ಬಳಸುವ ಖಾತೆಗಿದ್ದ 1,000 ಬ್ಲಾಕ್‌ಗಳ ಮಿತಿಯನ್ನು ತೆಗೆಯಿತು. ಪುಟದ ಪ್ರತಿ ಪ್ಯಾರಾ, ಚಿತ್ರ ಅಲ್ಲಿ ಒಂದೊಂದು ಬ್ಲಾಕ್. ಸಾಧನಗಳ ಎಣಿಕೆಯೂ ಇಲ್ಲ. ಉಳಿದಿರುವುದು ಮುಖ್ಯವಾಗಿ ಎರಡು: ಒಂದು ಫೈಲ್ 5 ಎಂಬಿ ದಾಟುವಂತಿಲ್ಲ, ಪುಟದ ಹಳೆಯ ಆವೃತ್ತಿ ಏಳು ದಿನ ಮಾತ್ರ ಸಿಗುತ್ತದೆ. ಹಣ ಕೊಟ್ಟು ಪ್ಲಸ್ ಪಡೆದರೆ ಏಳು ದಿನ 30 ಆಗುತ್ತದೆ, ಬಿಸಿನೆಸ್‌ನಲ್ಲಿ 90.

5 ಎಂಬಿಯ ಮಿತಿ ಒಳ್ಳೆಯದು, ಮುಖಕ್ಕೆ ಹೇಳಿಬಿಡುತ್ತದೆ. ಫೋನಿನಲ್ಲಿ ನಾಲ್ಕು ಪುಟ ಫೋಟೋ ತೆಗೆದು ಪಿಡಿಎಫ್ ಮಾಡಿದರೆ ಸಾಮಾನ್ಯವಾಗಿ 5 ಎಂಬಿ ದಾಟುತ್ತದೆ, ಅಪ್‌ಲೋಡ್ ಅಲ್ಲೇ ನಿಲ್ಲುತ್ತದೆ. ಕಂಪ್ಯೂಟರ್‌ನಲ್ಲಿ ಪಿಡಿಎಫ್ ಚಿಕ್ಕದು ಮಾಡಬಲ್ಲ ಘೋಸ್ಟ್‌ಸ್ಕ್ರಿಪ್ಟ್ ಇದ್ದರೆ ಚಿತ್ರಗಳನ್ನು 150 ಡಿಪಿಐಗೆ ಇಳಿಸಿದರಾಯಿತು, ಅಕ್ಷರ ಓದಲು ಅಷ್ಟು ಸಾಕು:

```
gs -sDEVICE=pdfwrite -dPDFSETTINGS=/ebook -o chikka.pdf dodda.pdf
```

ಏಳು ದಿನದ ಮಿತಿ ಹಾಗಲ್ಲ, ಬಾಯಿ ಬಿಡುವುದೇ ಇಲ್ಲ. ಮನೆ ಖರ್ಚಿನ ಪುಟವೊಂದಿದೆ ಎನ್ನಿ. 1ನೇ ತಾರೀಕು ಬೆರಳು ತಾಗಿ ಸಾದಾ ಟೇಬಲ್‌ನ ಮೂರು ಸಾಲು ಅಳಿಸಿಹೋಯಿತು. ಗೊತ್ತಾದದ್ದು 10ಕ್ಕೆ, ಮೊತ್ತ ತಾಳೆಯಾಗದಾಗ. Trash ನೋಡಿದರೆ ಖಾಲಿ, ಏಕೆಂದರೆ ಅಲ್ಲಿಗೆ ಹೋಗುವುದು ಇಡೀ ಪುಟಗಳು ಮಾತ್ರ. ಪುಟದ ಮೇಲಿನ ಮೂರು ಚುಕ್ಕಿ ಒತ್ತಿ Version history ತೆರೆದರೂ 3ನೇ ತಾರೀಕಿನಿಂದ ಈಚಿನದಷ್ಟೇ ಕಾಣುತ್ತದೆ. ಆ ಹೊತ್ತಿಗೆ ಸಾಲುಗಳು ಹೋಗಿ ಎರಡು ದಿನವಾಗಿತ್ತು. ಅದೇ ಲೆಕ್ಕ ಡೇಟಾಬೇಸ್‌ನಲ್ಲಿದ್ದಿದ್ದರೆ ಕಥೆ ಬೇರೆ. ಅಲ್ಲಿ ಪ್ರತಿ ಸಾಲೂ ಒಂದು ಪುಟ, ಅಳಿಸಿದರೆ Trash ಸೇರಿ 30 ದಿನ ಕಾಯುತ್ತದೆ. ಉಚಿತ ಖಾತೆಯಲ್ಲೂ ಅಷ್ಟೇ. ಹಣಕಾಸಿನ ಲೆಕ್ಕವನ್ನು ಸಾದಾ ಟೇಬಲ್‌ನಲ್ಲಿ ಇಡಬಾರದು ಎನ್ನಲು ಇಷ್ಟೇ ಸಾಕು.

ತಿಂಗಳಿಗೊಮ್ಮೆ ಕಣ್ಣಾಡಿಸುವ ಪುಟಕ್ಕೆ ಏಳು ದಿನ ಇದ್ದರೂ ಇಲ್ಲದ ಲೆಕ್ಕ. ಸೆಟ್ಟಿಂಗ್ಸ್‌ನಲ್ಲಿ ಎಕ್ಸ್‌ಪೋರ್ಟ್ ಹುಡುಕಿ, Markdown & CSV ಆರಿಸಿ, ವಾರಕ್ಕೊಮ್ಮೆ ಜಿಪ್ ಇಳಿಸಿಕೊಂಡರೆ ಹಳೆಯ ಸಾಲುಗಳಾದರೂ ಕೈಯಲ್ಲಿರುತ್ತವೆ. ಆದರೆ ಆ ಸಿಎಸ್‌ವಿಯನ್ನು ಮತ್ತೆ ಒಳಗೆ ತಂದಾಗ ಬರುವುದು ಬರೀ ಅಕ್ಷರ, ಅಂಕಿ. ಒಂದು ಡೇಟಾಬೇಸನ್ನು ಇನ್ನೊಂದಕ್ಕೆ ಜೋಡಿಸಿದ್ದ ಕೊಂಡಿಗಳನ್ನು ಮೊದಲಿಂದ ಕೂರಿಸಬೇಕು.