ಅಸೈನ್‌ಮೆಂಟ್ ಮತ್ತು ನೊವೇಶನ್: ವ್ಯವಹಾರ ಕೈ ಬದಲಾದಾಗ ಕರಾರು ಯಾರದು?

ಕರಾರಿನಿಂದ ತನಗೆ ಬರಬೇಕಾದ ಹಕ್ಕನ್ನು ಇನ್ನೊಬ್ಬರಿಗೆ ಬರೆದುಕೊಡುವುದು ಅಸೈನ್‌ಮೆಂಟ್. ಕೊಡುವವರು, ಪಡೆಯುವವರು ಇಬ್ಬರಿದ್ದರೆ ಅದು ಆಗುತ್ತದೆ. ಹಳೆ ಕರಾರನ್ನು ಅಲ್ಲಿಗೇ ಮುಗಿಸಿ, ಅದರ ಜಾಗದಲ್ಲಿ ಹೊಸ ಕರಾರನ್ನು ನಿಲ್ಲಿಸುವುದು ನೊವೇಶನ್. ಕರಾರಿನ ಒಬ್ಬ ಪಕ್ಷಗಾರ ಬದಲಾಗುವಂಥ ನೊವೇಶನ್‌ಗೆ ಮೂವರೂ ಒಪ್ಪಬೇಕು: ಹೊರಹೋಗುವವರು, ಒಳಬರುವವರು, ಇದ್ದಲ್ಲೇ ಇರುವವರು. ವ್ಯವಹಾರ ಮಾರಾಟವಾದಾಗ ಬಹಳಷ್ಟು ಜನ ಮೊದಲನೆಯದನ್ನು ಮಾಡಿ ಎರಡನೆಯದೂ ಆಯಿತು ಅಂದುಕೊಳ್ಳುತ್ತಾರೆ. ತಗಾದೆ ಹುಟ್ಟುವುದು ಅಲ್ಲಿಂದ.

ಒಂದು ಉದಾಹರಣೆ ಹಿಡಿದು ನೋಡೋಣ. ಪೀಣ್ಯದ ಒಂದು ಕಾರ್ಖಾನೆಗೆ ಒಬ್ಬ ಕೇಟರಿಂಗ್ ಮಾಲೀಕರು ಮೂರು ವರ್ಷದ ಕರಾರಿನ ಮೇಲೆ ಕ್ಯಾಂಟೀನ್ ನಡೆಸುತ್ತಿದ್ದಾರೆ. ದಿನಕ್ಕೆ 650 ಊಟ, ಊಟಕ್ಕೆ 80 ರೂಪಾಯಿ, ತಿಂಗಳಿಗೆ 26 ದಿನ. ಜಿಎಸ್‌ಟಿ ಬದಿಗಿಟ್ಟರೆ ತಿಂಗಳ ಬಿಲ್ಲು 13,52,000 ರೂಪಾಯಿ. 5 ಲಕ್ಷ ಠೇವಣಿ ಕಾರ್ಖಾನೆಯಲ್ಲಿದೆ, ಒಂದು ಬ್ಯಾಂಕ್ ಗ್ಯಾರಂಟಿಯೂ ಇದೆ. ಎರಡು ತಿಂಗಳ ಬಿಲ್ಲು, ಅಂದರೆ 27,04,000 ರೂಪಾಯಿ, ಬಾಕಿ ಬರಬೇಕು. ಎರಡನೇ ವರ್ಷದ ನಡುವೆ ಮಾಲೀಕರು ಪಾತ್ರೆ, ಬಾಯ್ಲರ್, ವ್ಯಾನು, ಕರಾರುಗಳ ಸಮೇತ ಇಡೀ ವ್ಯವಹಾರವನ್ನು ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಮಾರುತ್ತಾರೆ. ಮಾಲೀಕರ ಕಡೆಯಿಂದ ನೋಡಿದರೆ ಇದು ವ್ಯವಹಾರದ ಮಾರಾಟ, ಕಾರ್ಖಾನೆಯ ಕಡೆಯಿಂದ ನೋಡಿದರೆ ಗುತ್ತಿಗೆದಾರರ ಬದಲಾವಣೆ.

ಕಂಪನಿಯೇ ಗುತ್ತಿಗೆದಾರನಾಗಿದ್ದು, ಅದರ ಷೇರುಗಳು ಮಾತ್ರ ಮಾರಾಟವಾಗಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಕರಾರು ಮಾಡಿದ ಕಂಪನಿ ಹಾಗೇ ಇರುತ್ತದೆ, ಒಡೆಯರು ಬದಲಾಗಿರುತ್ತಾರೆ ಅಷ್ಟೆ. ಒಡೆತನ ಬದಲಾದರೆ ಒಪ್ಪಿಗೆ ಬೇಕು ಎಂಬ ಷರತ್ತು ಕರಾರಿನಲ್ಲಿದೆಯೇ ಎಂದು ನೋಡಿಕೊಂಡರೆ ಸಾಕು. ನಮ್ಮ ಉದಾಹರಣೆಯಲ್ಲಿ ಬದಲಾಗುತ್ತಿರುವುದು ಕರಾರಿಗೆ ಸಹಿ ಹಾಕಿದ ವ್ಯಕ್ತಿಯೇ.

ಮೊದಲು ಬಾಕಿ ಹಣದ ಮಾತು. ಬರಬೇಕಾದ 27 ಲಕ್ಷ ಒಂದು ಹಕ್ಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 130ನೇ ಕಲಮಿನ ಪ್ರಕಾರ ಮಾಲೀಕರು ಸಹಿ ಹಾಕಿದ ಲಿಖಿತ ಪತ್ರವಿದ್ದರೆ ಈ ಹಕ್ಕು ಹೊಸ ಕಂಪನಿಗೆ ದಾಟುತ್ತದೆ. ಕರಾರಿನಲ್ಲಿ ನಿಷೇಧ ಇರದಿದ್ದರೆ ಕಾರ್ಖಾನೆಯ ಒಪ್ಪಿಗೆ ಬೇಕಿಲ್ಲ. ಆದರೆ ಕಾರ್ಖಾನೆಗೆ ತಿಳಿಸದೆ ಕೂತರೆ ಅಪಾಯವಿದೆ. ನೋಟಿಸ್ ತಲುಪುವ ಮುಂಚೆ ಕಾರ್ಖಾನೆಯವರು ಹಳೆ ಮಾಲೀಕರ ಖಾತೆಗೆ ಹಣ ಹಾಕಿಬಿಟ್ಟರೆ ಅವರ ಸಾಲ ತೀರಿದಂತೆಯೇ ಲೆಕ್ಕ. ಹೊಸ ಕಂಪನಿ ಆಮೇಲೆ ಹಳೆ ಮಾಲೀಕರ ಹಿಂದೆ ಅಲೆಯಬೇಕು.

ನೋಟಿಸ್ ಹೇಗಿರಬೇಕೆಂದು 131ನೇ ಕಲಂ ಹೇಳುತ್ತದೆ: ಬರವಣಿಗೆಯಲ್ಲಿರಬೇಕು, ಹಕ್ಕು ಪಡೆದವರ ಹೆಸರು ವಿಳಾಸ ಅದರಲ್ಲಿರಬೇಕು, ಮತ್ತು ಹಕ್ಕು ಬಿಟ್ಟುಕೊಟ್ಟವರು ಅಥವಾ ಅವರಿಂದ ಅಧಿಕಾರ ಪಡೆದವರು ಸಹಿ ಹಾಕಿರಬೇಕು. ಅವರು ಸಹಿ ಹಾಕಲು ನಿರಾಕರಿಸಿದಾಗ ಮಾತ್ರ ಪಡೆದವರ ಸಹಿ ನಡೆಯುತ್ತದೆ. ‘ಇನ್ನು ಮುಂದೆ ಹಣ ನಮಗೆ ಕೊಡಿ’ ಎಂದು ಹೊಸ ಕಂಪನಿ ತನ್ನ ಲೆಟರ್‌ಹೆಡ್‌ನಲ್ಲಿ ಕಳಿಸಿದ ಪತ್ರವನ್ನು ಕಾರ್ಖಾನೆಯ ಅಕೌಂಟ್ಸ್ ವಿಭಾಗ ಮೂಲೆಗಿಟ್ಟರೆ ತಪ್ಪು ಅವರದಲ್ಲ. ಆದ್ದರಿಂದ ಮಾರಾಟದ ಕಾಗದಗಳಿಗೆ ಸಹಿಯಾಗುವ ದಿನವೇ ಹಳೆ ಮಾಲೀಕರಿಂದ ಈ ನೋಟಿಸಿಗೂ ಸಹಿ ಹಾಕಿಸಿಕೊಳ್ಳುವುದು ವಾಡಿಕೆ. ಹಣ ಕೈಸೇರಿದ ಮೇಲೆ ಅವರನ್ನು ಹುಡುಕುವುದು ಕಷ್ಟ.

ಇನ್ನೊಂದು ಸೂಕ್ಷ್ಮ 132ನೇ ಕಲಮಿನಲ್ಲಿದೆ. ಹಳಬರ ಮೇಲೆ ಕಾರ್ಖಾನೆಗೆ ಇದ್ದ ತಕರಾರುಗಳ ಸಮೇತವೇ ಹಕ್ಕು ಹೊಸಬರಿಗೆ ಬರುತ್ತದೆ. ಊಟ ತಡವಾದದ್ದಕ್ಕೆ ಕರಾರಿನಂತೆ 1,20,000 ರೂಪಾಯಿ ದಂಡ ಕಡಿತವಾಗಬೇಕಿದ್ದರೆ ಹೊಸಬರಿಗೆ ಸಿಗುವುದು 25,84,000. ‘ಆ ತಪ್ಪು ನಮ್ಮದಲ್ಲ’ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಕೊಳ್ಳುವ ಮುಂಚೆ ಕಾರ್ಖಾನೆಯಿಂದ ಬಾಕಿ ದೃಢೀಕರಣ ಪತ್ರ ತರಿಸಿ, ಕಡಿತಗಳ ಸಾಲನ್ನು ಓದಬೇಕು.

ಈಗ ಊಟ ಬಡಿಸುವ ಹೊಣೆ. ಹಕ್ಕಿನಂತೆ ಹೊಣೆಯನ್ನು ಒಬ್ಬರೇ ಬರೆದು ಇನ್ನೊಬ್ಬರ ತಲೆಗೆ ಕಟ್ಟಲಾಗದು. ಖರ್ದಾ ಕಂಪನಿ ವಿರುದ್ಧ ರೇಮನ್ ಆ್ಯಂಡ್ ಕಂಪನಿ ಎಂಬ ಸೆಣಬಿನ ವ್ಯಾಪಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಇದನ್ನು ಬಿಡಿಸಿ ಹೇಳಿತು: ಕರಾರಿನ ಹಕ್ಕುಗಳನ್ನು ಸಾಮಾನ್ಯವಾಗಿ ವರ್ಗಾಯಿಸಬಹುದು, ಹೊಣೆಗಳನ್ನು ಎದುರು ಪಕ್ಷದ ಒಪ್ಪಿಗೆಯಿಲ್ಲದೆ ವರ್ಗಾಯಿಸಲಾಗದು, ಒಪ್ಪಿಗೆ ಸಿಕ್ಕರೆ ಅದು ನಿಜದಲ್ಲಿ ನೊವೇಶನ್. ಕಾರಣ ಸರಳ. ಈ ಮಾಲೀಕರ ಅಡುಗೆಮನೆ, ಶುಚಿತ್ವ, ಹಣದ ತಾಕತ್ತು ನೋಡಿ ಕಾರ್ಖಾನೆ ಸಹಿ ಹಾಕಿದೆ. ನಾಳೆ ಬೇರೆ ಯಾರನ್ನೋ ನಿಲ್ಲಿಸಿ ‘ಇನ್ನು ಇವರನ್ನು ಕೇಳಿ’ ಅಂದರೆ ಅದು ಒಪ್ಪಬೇಕಾಗಿಲ್ಲ.

ಹಾಗಾಗಿ ಮಾರಾಟದ ಕರಾರಿನಲ್ಲಿ ‘ಎಲ್ಲ ಹೊಣೆಗಳೂ ಕೊಳ್ಳುವವರಿಗೆ ಸೇರಿದ್ದು’ ಎಂದು ಎಷ್ಟೇ ದಪ್ಪಕ್ಷರದಲ್ಲಿ ಬರೆದರೂ ಅದು ಆ ಇಬ್ಬರ ನಡುವಿನ ಮಾತು. ಹೊಸಬರು ಆರು ತಿಂಗಳಿಗೆ ಕ್ಯಾಂಟೀನ್ ಬಿಟ್ಟು ಹೋದರೆ ಕಾರ್ಖಾನೆ ಹಳೆ ಮಾಲೀಕರ ಮೇಲೆಯೇ ದಾವೆ ಹೂಡಬಹುದು. ಮೂಲ ಕರಾರಿನ ಕೊನೆಯಲ್ಲಿರುವ ‘ಉತ್ತರಾಧಿಕಾರಿಗಳಿಗೂ ಅನುಮತಿ ಪಡೆದ ಅಸೈನಿಗಳಿಗೂ ಅನ್ವಯಿಸುತ್ತದೆ’ ಎಂಬ ಸಾಲನ್ನು ಕೆಲವರು ಅನುಮತಿಯೆಂದೇ ಓದುತ್ತಾರೆ. ಅನುಮತಿ ಸಿಕ್ಕಿದ್ದರೆ ಏನಾಗುತ್ತದೆ ಎಂದಷ್ಟೇ ಅದು ಹೇಳುತ್ತದೆ.

ಕಾರ್ಖಾನೆ ಸುಮ್ಮನಿದ್ದು, ಹೊಸಬರು ಬಡಿಸಿದ ಊಟವನ್ನು ಸ್ವೀಕರಿಸುತ್ತಾ ಬಂದರೆ? 1872ರ ಕರಾರು ಕಾಯ್ದೆಯ 41ನೇ ಕಲಂ ಪ್ರಕಾರ ಮೂರನೆಯವರು ಮಾಡಿದ ಕೆಲಸವನ್ನು ಒಪ್ಪಿಕೊಂಡ ಮೇಲೆ ಅದೇ ಕೆಲಸಕ್ಕಾಗಿ ಮೂಲ ವ್ಯಕ್ತಿಯನ್ನು ಕೇಳುವಂತಿಲ್ಲ. ಬಡಿಸಿ ಮುಗಿದ ಊಟದ ಮಟ್ಟಿಗೆ ಹಳೆ ಮಾಲೀಕರು ಪಾರು. ಮುಂದಿನ ದಿನಗಳ ಹೊಣೆಯಿಂದ ಬಿಡುಗಡೆಯಾಗಿದೆ ಎಂದು ತೋರಿಸಲು ನಡವಳಿಕೆಯಿಂದಲೇ ನೊವೇಶನ್ ಆಗಿದೆ ಎಂದು ಸಾಬೀತು ಮಾಡಬೇಕು. ಆ ವಾದವನ್ನು ನಂಬಿ ಮಲಗುವುದಕ್ಕಿಂತ ಒಂದು ತ್ರಿಪಕ್ಷ ಪತ್ರ ಮಾಡಿಸುವುದು ಲೇಸು.

ಆ ಪತ್ರಕ್ಕೆ ಆಧಾರ ಕರಾರು ಕಾಯ್ದೆಯ 62ನೇ ಕಲಂ. ಹಳೆ ಕರಾರಿನ ಬದಲು ಹೊಸದನ್ನು ಮಾಡಿಕೊಳ್ಳಲು ಪಕ್ಷಗಾರರು ಒಪ್ಪಿದರೆ ಹಳೆಯದನ್ನು ನೆರವೇರಿಸಬೇಕಾಗಿಲ್ಲ ಎಂದು ಅದು ಹೇಳುತ್ತದೆ. ಪತ್ರದ ಜೀವ ಇರುವುದು ಎರಡು ವಾಕ್ಯಗಳಲ್ಲಿ: ಕಾರ್ಖಾನೆ ಹಳೆ ಮಾಲೀಕರನ್ನು ಬಿಡುಗಡೆ ಮಾಡಿದೆ, ಹೊಸ ಕಂಪನಿ ಅದೇ ಷರತ್ತುಗಳ ಮೇಲೆ ಕಾರ್ಖಾನೆಗೆ ನೇರವಾಗಿ ಬದ್ಧವಾಗಿದೆ. ಮೊದಲನೆಯದು ಇಲ್ಲದಿದ್ದರೆ ಕಾರ್ಖಾನೆಗೆ ಇಬ್ಬರು ಹೊಣೆಗಾರರು ಸಿಕ್ಕಂತಾಯಿತು, ಹಳಬರು ಹೊರಬಂದಂತಾಗಲಿಲ್ಲ. ‘ಬದಲಾವಣೆಗೆ ನಮ್ಮ ಆಕ್ಷೇಪಣೆ ಇಲ್ಲ’ ಎಂಬ ಒಂದು ಸಾಲಿನ ಎನ್‌ಒಸಿ ತಂದು ನೊವೇಶನ್ ಆಯಿತೆಂದು ನೆಮ್ಮದಿಯಾಗಿರುವವರು ಈ ಬಿಡುಗಡೆಯ ಮಾತು ಅದರಲ್ಲಿದೆಯೇ ಎಂದು ಮತ್ತೊಮ್ಮೆ ಓದಿಕೊಳ್ಳಬೇಕು.

ಆಮೇಲೆ ಬರುವುದು ದಿನದ ಗೆರೆ. ‘ಏಪ್ರಿಲ್ 1ರ ಬೆಳಗಿನ ತಿಂಡಿಯಿಂದ’ ಎಂಬಷ್ಟು ಸ್ಪಷ್ಟವಾಗಿ ಬರೆಯಬೇಕು. ಮಾರ್ಚ್ 30ರ ಊಟ ತಿಂದು ಕಾರ್ಮಿಕರು ಅಸ್ವಸ್ಥರಾಗಿ, ಪರಿಹಾರದ ಬೇಡಿಕೆ ಏಪ್ರಿಲ್ 10ಕ್ಕೆ ಬಂದರೆ ಯಾರು ಕೊಡಬೇಕು? ಗೆರೆಯ ಹಿಂದಿನದು ಹಳಬರದು, ಮುಂದಿನದು ಹೊಸಬರದು ಎಂದು ಹಂಚಿಕೊಳ್ಳಬಹುದು. ಇಲ್ಲವೇ ಕರಾರಿನ ಮೊದಲ ದಿನದಿಂದಲೂ ಹೊಸಬರೇ ಹೊಣೆ ಹೊತ್ತು, ಹಿಂದಿನ ತಪ್ಪುಗಳಿಗೆ ಹಳಬರಿಂದ ನಷ್ಟ ಭರ್ತಿಯ ಮಾತು ಪಡೆಯಬಹುದು. ಕಾರ್ಖಾನೆಗಳು ಎರಡನೆಯದನ್ನೇ ಕೇಳುವುದು ಸಹಜ, ಅವಕ್ಕೆ ಒಬ್ಬರನ್ನೇ ಹಿಡಿದರೆ ಸಾಕು. ಕೊಳ್ಳುವವರಿಗೆ ಮೊದಲನೆಯದು ಕ್ಷೇಮ. ಯಾವುದನ್ನೂ ಬರೆಯದೆ ಬಿಡುವುದೇ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ನೊವೇಶನ್ ಹಳೆ ಕರಾರನ್ನು ಮುಗಿಸುತ್ತದೆ. ಅದರ ಮೇಲೆ ಹುಟ್ಟಿದ ಬೇಡಿಕೆ ಯಾವ ಕರಾರಿನಡಿ ಎಂಬ ಜಗಳ ಶುರುವಾಗುತ್ತದೆ. ಹಳೆ ಕರಾರಿನ ಆರ್ಬಿಟ್ರೇಶನ್ ಷರತ್ತಿಗೂ ಇದೇ ಗತಿ. ಕರಾರಿನ ಜಾಗದಲ್ಲಿ ಹೊಸದು ಬಂದರೆ ಅದರೊಳಗಿನ ಆರ್ಬಿಟ್ರೇಶನ್ ಷರತ್ತೂ ಅಳಿಯುತ್ತದೆ ಎಂದು ಕಿಶೋರಿಲಾಲ್ ಗುಪ್ತಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1959ರಲ್ಲಿ ಹೇಳಿದೆ. ಹಳೆ ತಗಾದೆಗಳೂ ಹಳೆ ಷರತ್ತಿನಂತೆಯೇ ತೀರ್ಮಾನವಾಗಲಿ ಎಂಬ ಸಾಲನ್ನು ಉಳಿಸಿಕೊಳ್ಳಬೇಕು.

ಕಾರ್ಖಾನೆಯವರು ಎಡವುವ ಜಾಗ ಗ್ಯಾರಂಟಿ. ಬ್ಯಾಂಕ್ ಗ್ಯಾರಂಟಿ ಕೊಟ್ಟದ್ದು ಹಳೆ ಮಾಲೀಕರ ಪರವಾಗಿ; ಹೊಸಬರು ತಪ್ಪಿದರೆ ಬ್ಯಾಂಕು ಕೊಡಬೇಕಾಗಿಲ್ಲ. ಮಾಲೀಕರ ಬಂಧುಗಳು ಯಾರಾದರೂ ವೈಯಕ್ತಿಕ ಜಾಮೀನು ನಿಂತಿದ್ದರೆ, ಮೂಲ ಹೊಣೆಗಾರನನ್ನು ಬಿಡುಗಡೆ ಮಾಡಿದಾಗ ಕರಾರು ಕಾಯ್ದೆಯ 134ನೇ ಕಲಮಿನಂತೆ ಜಾಮೀನುದಾರರೂ ಬಿಡುಗಡೆಯಾಗುತ್ತಾರೆ. ಹೊಸ ಗ್ಯಾರಂಟಿ ಕೈಗೆ ಬಂದ ಮೇಲೆಯೇ ನೊವೇಶನ್ ಜಾರಿ ಎಂಬ ಷರತ್ತು ಹಾಕಿ, ಹಳೆಯದನ್ನು ಹಿಂದಿನ ಲೆಕ್ಕ ಚುಕ್ತಾ ಆಗುವವರೆಗೆ ಇಟ್ಟುಕೊಳ್ಳುವುದು ಜಾಣತನ. ಠೇವಣಿಯ 5 ಲಕ್ಷವೂ ಹೀಗೆಯೇ. ಅದು ಹೊಸಬರ ಹೆಸರಿಗೆ ಜಮೆಯಾಗುತ್ತದೋ ಹಳಬರಿಗೆ ವಾಪಸಾಗುತ್ತದೋ ಎಂದು ಪತ್ರದಲ್ಲೇ ಇರಬೇಕು; ವಾಪಸಾಗದಿದ್ದರೆ ಹಳಬರು ಅದನ್ನು ಮಾರಾಟದ ಬೆಲೆಯಲ್ಲಿ ಸೇರಿಸಿ ಕೇಳುತ್ತಾರೆ.

ಸಹಿ ಮುಗಿದ ಮೇಲೂ ಕಂಪ್ಯೂಟರಿನಲ್ಲಿ ಹಳೆ ಹೆಸರೇ ಇರುತ್ತದೆ. ಹೊಸ ವೆಂಡರ್ ಕೋಡ್, ಹೊಸ ಪರ್ಚೇಸ್ ಆರ್ಡರ್, ಹೊಸ ಜಿಎಸ್‌ಟಿ ನಂಬರು, ಪ್ಯಾನ್, ಬ್ಯಾಂಕ್ ಖಾತೆ ಆಗುವವರೆಗೆ ಹೊಸಬರ ಬಿಲ್ಲು ಹಳೆ ಆರ್ಡರಿಗೆ ತಾಳೆಯಾಗದೆ ನಿಲ್ಲುತ್ತದೆ. ಇನ್ನು ಹಿಂದಿನ ಜಿಎಸ್‌ಟಿ ಬಾಕಿಯ ವಿಷಯಕ್ಕೆ ಯಾವ ಪತ್ರವೂ ಅಡ್ಡ ಬರುವುದಿಲ್ಲ. ವ್ಯವಹಾರ ಕೈ ಬದಲಾಗುವ ದಿನದವರೆಗಿನ ತೆರಿಗೆಗೆ ಮಾರಿದವರು, ಕೊಂಡವರು ಇಬ್ಬರೂ ಸರ್ಕಾರಕ್ಕೆ ಹೊಣೆ ಎಂದು ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಹೇಳುತ್ತದೆ. ತಮ್ಮತಮ್ಮಲ್ಲಿ ಯಾರು ಭರಿಸಬೇಕೆಂದಷ್ಟೇ ಅವರು ಬರೆದುಕೊಳ್ಳಬಹುದು.

ಕಾರ್ಖಾನೆ ಒಪ್ಪಿಗೆಯನ್ನೇ ಕೊಡದಿದ್ದರೆ? ಕರಾರಿನಲ್ಲಿ ಸಬ್‌ಕಾಂಟ್ರ್ಯಾಕ್ಟ್‌ಗೆ ಅವಕಾಶವಿದ್ದರೆ ಹಳೆ ಮಾಲೀಕರ ಹೆಸರಿನಲ್ಲೇ ಹೊಸಬರು ಅಡುಗೆ ನಡೆಸಬಹುದು. ಆಗ ಬಿಲ್ಲು, ಹೊಣೆ, ದಂಡ ಎಲ್ಲವೂ ಹಳಬರ ಮೇಲೆಯೇ ಉಳಿಯುತ್ತವೆ, ಹಾಗಾಗಿ ಅವರು ಇದನ್ನು ಕೆಲವೇ ತಿಂಗಳ ಏರ್ಪಾಡಾಗಿ ಮಾತ್ರ ಒಪ್ಪುತ್ತಾರೆ. ಮಾರಾಟದ ಕರಾರು ಬರೆಯುವಾಗಲೇ ಈ ಸಾಧ್ಯತೆಗೆ ಬೆಲೆ ಕಟ್ಟಿಡಬೇಕು: ಇಂತಹ ದಿನದೊಳಗೆ ತ್ರಿಪಕ್ಷ ಪತ್ರಕ್ಕೆ ಕಾರ್ಖಾನೆಯ ಸಹಿ ಬರದಿದ್ದರೆ ಆ ಕರಾರಿಗೆಂದು ಇಟ್ಟ ಮೊತ್ತ ಬೆಲೆಯಿಂದ ಕಳೆಯುತ್ತದೆ, ಅಲ್ಲಿಯವರೆಗೆ ಅಷ್ಟು ಹಣ ಕೊಳ್ಳುವವರ ಕೈಯಲ್ಲೇ ಇರುತ್ತದೆ.