ಬಸದಿಯ ಮಕ್ಕಳಿಗೊಂದು ಅಹಿಂಸೆಯ ಹಾಡು

ಪ್ರಶ್ನೆ: ಮಹಾವೀರ ಜಯಂತಿಗೆ ನಮ್ಮ ಬಸದಿಯ ಮಕ್ಕಳು ಹಾಡಲು ಅಹಿಂಸೆ, ದಯೆಯ ಮೇಲೆ ಆರು ಸಾಲಿನ ಪ್ರಾರ್ಥನೆ ಬರೆಯಬೇಕು. ‘ಕಾಪಾಡು ತಂದೆ, ಕರುಣೆಯ ನೀಡು’ ಎಂದು ಶುರು ಮಾಡಿದೆ. ಹಿರಿಯರೊಬ್ಬರು ಇದು ಸರಿಯಿಲ್ಲ ಎಂದರು. ಏನು ತಪ್ಪು?

ಉತ್ತರ: ಹಿರಿಯರು ಹೇಳಿದ್ದು ಸರಿ. ಜಿನ ವೀತರಾಗ, ಒಲಿಯುವವನೂ ಅಲ್ಲ, ಮುನಿಯುವವನೂ ಅಲ್ಲ. ಹಾಗಾಗಿ ಅವನನ್ನು ವರ ಕೇಳುವಂತಿಲ್ಲ. ತತ್ತ್ವಾರ್ಥಸೂತ್ರದ ಮಂಗಳಶ್ಲೋಕ ‘ವಂದೇ ತದ್ಗುಣಲಬ್ಧಯೇ’ ಎಂದು ಮುಗಿಯುತ್ತದೆ. ಆ ಗುಣಗಳು ನನಗೂ ಬರಲಿ ಎಂದು ವಂದಿಸುತ್ತೇನೆ ಎಂದರ್ಥ. ನಿಮ್ಮ ಪಲ್ಲವಿಯ ಕ್ರಿಯಾಪದ ಇಲ್ಲಿಂದ ಬರಬೇಕು: ‘ನೀಡು’ ಹೋಗಿ ‘ನಡೆವೆವು’, ‘ಬಿಡುವೆವು’ ಬರಲಿ.

ಇನ್ನೊಂದು ತೊಡಕು ‘ಅಹಿಂಸೆ’ ಎಂಬ ಪದವೇ. ಮಕ್ಕಳ ಹಾಡಿಗೆ ನಾಲ್ಕು ಮಾತ್ರೆಯ ಗಣ ಹೊಂದುತ್ತದೆ, ಚಪ್ಪಾಳೆಗೂ ಸಲೀಸು. ‘ಅಹಿಂಸೆ’ಗೂ ನಾಲ್ಕೇ ಮಾತ್ರೆ. ಆದರೆ ಲಘು, ಗುರು, ಲಘು ಎಂದು ಬಂದು ಜಗಣವಾಗುತ್ತದೆ, ಹಾಡುವಾಗ ಕುಂಟುತ್ತದೆ. ‘ಅಹಿಂಸಾ ಪರಮೋ ಧರ್ಮಃ’ ಇನ್ನೂ ಕಷ್ಟ: ನಾಲ್ಕನೆಯ ಮಾತ್ರೆಗೆ ಗಣ ‘ಸಾ’ ಅಕ್ಷರದ ನಡುವೆಯೇ ಮುರಿಯುತ್ತದೆ. ಆದ್ದರಿಂದ ಪದವನ್ನು ಬಿಟ್ಟು, ಮನೆಯಲ್ಲಿ ನಡೆಯುವ ಕೆಲಸವನ್ನೇ ಹಾಡಿಗೆ ತನ್ನಿ.

ಅಂಥದೊಂದು ಕೆಲಸ ನೀರು ಸೋಸುವುದು. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿದ ಮೇಲೆ ಬಟ್ಟೆಯನ್ನು ಹಾಗೇ ಹಿಂಡಿ ಒಣಹಾಕುವುದಿಲ್ಲ. ಅದನ್ನು ತಿರುವಿ, ಸೋಸಿದ ನೀರನ್ನೇ ಹುಯ್ದು ತೊಳೆದು, ಆ ನೀರನ್ನು ಅದೇ ಬಾವಿಗೆ ಮೆಲ್ಲಗೆ ಇಳಿಸುತ್ತಾರೆ. ಬಟ್ಟೆಗಂಟಿದ ಜೀವಿ ತನ್ನ ನೀರಿಗೇ ಸೇರಬೇಕು. ನನಗಂತೂ ದಯೆ ಎಂದರೆ ಮೊದಲು ನೆನಪಾಗುವುದು ಆ ಕೈ.

ಇದನ್ನಿಟ್ಟುಕೊಂಡು ಹೀಗೆ ಕಟ್ಟಬಹುದು:

ಸನ್ಮತಿ, ನಿನ್ನಯ ಹೆಜ್ಜೆಯ ಹಿಡಿವೆವು
ನಿನ್ನಯ ಗುಣಗಳು ನಮಗಿರಲೆಂದು

ಅರಿವೆಯಲುಳಿದಿಹ ಕಾಣದ ಜೀವವ
ತಿರುಗಿಸಿ ನೀರಿಗೆ ಬಿಡುವೆವು ನಾವು
ಇರುಳಿನ ಮುನ್ನವೆ ಉಣ್ಣುವ ಮನೆಯಲಿ
ಇರುವೆಗು ದೊರೆವುದು ಅಂಜದ ಠಾವು

ಸನ್ಮತಿ ಮಹಾವೀರನದೇ ಹೆಸರು. ‘ಮಹಾವೀರ’ ಆರು ಮಾತ್ರೆಯಾಗಿ ಗಣ ಮೀರುತ್ತದೆ. ಚರಣದ ನಾಲ್ಕೂ ಸಾಲಿನಲ್ಲಿ ಎರಡನೆಯ ಅಕ್ಷರ ರಕಾರ, ಅದರ ಹಿಂದಿನದು ಲಘು. ಹೀಗೆ ಆದಿಪ್ರಾಸ ಕೂತರೆ ಮಕ್ಕಳಿಗೆ ಬೇಗ ಬಾಯಿಗೆ ಬರುತ್ತದೆ. ಪಲ್ಲವಿಯಲ್ಲಿ ಅದು ಕಟ್ಟುನಿಟ್ಟಾಗಿಲ್ಲ, ಅರ್ಥಕ್ಕಾಗಿ ಬಿಟ್ಟುಕೊಟ್ಟೆ. ಎರಡು, ನಾಲ್ಕು, ಆರನೆಯ ಸಾಲಿನ ಕೊನೆಗೆ ಒಂದು ಮಾತ್ರೆ ಕಡಿಮೆ ಇದೆ, ಅಲ್ಲಿ ಮಕ್ಕಳು ಉಸಿರು ತೆಗೆದುಕೊಳ್ಳುತ್ತಾರೆ.

ಬರೆದ ಮೇಲೆ ರಾಗ ಹಾಕದೆ, ಗಣಕ್ಕೊಂದು ಚಪ್ಪಾಳೆಯಂತೆ ಮಕ್ಕಳಿಂದ ಓದಿಸಿ. ಎಲ್ಲಿ ಇಬ್ಬರು ಒಟ್ಟಿಗೆ ತಡವರಿಸುತ್ತಾರೋ ಅಲ್ಲಿ ಪದ ಬದಲಿಸಿ. ಊರಿನ ಮನೆಗಳಲ್ಲಿ ಈಗ ಬಾವಿಯೇ ಇಲ್ಲ, ನಲ್ಲಿ ನೀರು ಎಂದಾದರೆ ಅರಿವೆಯ ಎರಡು ಸಾಲು ತೆಗೆದು, ಆ ಮಕ್ಕಳು ನಿಜವಾಗಿ ಮಾಡುವ ಬೇರೊಂದು ಕೆಲಸವನ್ನು ಹಾಕಿ.